ಕರೆಂಟ್ ಡಿಮ್ ಬಂದರೆ ಪಂಪ್‌ಸೆಟ್ ಮೋಟಾರ್ ಸುಡುವುದೇಕೆ?

ನಂಜನಗೂಡು, ಟಿ. ನರಸೀಪುರದ ಕಡೆ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಗೆ ಹೋದರೆ ಸುಟ್ಟ ಕಾಯಿಲ್‌ಗಳ ರಾಶಿ ಕಾಣುತ್ತದೆ. ಮೋಟಾರ್ ತಂದ ರೈತರು ಹೇಳುವ ಕಾರಣ ಬಹುತೇಕ ಒಂದೇ: ‘ಕರೆಂಟ್ ಡಿಮ್ ಇತ್ತು, ಮೋಟಾರ್ ಸುಟ್ಟೋಯ್ತು.’ ಈ ಮಾತು ಕೇಳಿದವರಿಗೆ ಒಂದು ಅನುಮಾನ ಬರುವುದು ಸಹಜ. ಹೆಚ್ಚು ಕರೆಂಟ್ ಬಂದರೆ ಸುಡಬೇಕು, ಕಡಿಮೆ ಬಂದರೆ ಮೋಟಾರ್ ನಿಧಾನವಾಗಿ ಓಡಬೇಕು ಅಷ್ಟೇ ಅಲ್ಲವೇ? ಮನೆಯ ಬಲ್ಬು ವೋಲ್ಟೇಜ್ ಕಡಿಮೆಯಾದರೆ ಮಂಕಾಗುತ್ತದೆ, ಸುಡುವುದಿಲ್ಲ. ಇಸ್ತ್ರಿಪೆಟ್ಟಿಗೆ ಸರಿಯಾಗಿ ಕಾಯುವುದೇ ಇಲ್ಲ. ಹಾಗಿದ್ದರೆ ಮೋಟಾರ್ ಮಾತ್ರ ಏಕೆ ಸುಡುತ್ತದೆ?

ಈ ವಿಷಯದಲ್ಲಿ ರೈತರು ಹೇಳುವುದೇ ಸರಿ. ಅನುಮಾನ ಹುಟ್ಟುವುದು ‘ಕರೆಂಟ್’ ಎಂಬ ಪದವನ್ನು ನಾವು ಬಳಸುವ ರೀತಿಯಿಂದ. ಹಳ್ಳಿಯಲ್ಲಿ ಕರೆಂಟ್ ಎಂದರೆ ವಿದ್ಯುತ್ ಪೂರೈಕೆ. ಅದು ಬಂತು, ಹೋಯಿತು, ಡಿಮ್ ಆಯಿತು ಎನ್ನುತ್ತೇವೆ. ಆದರೆ ಡಿಮ್ ಆಗುವುದು ವೋಲ್ಟೇಜ್, ಅಂದರೆ ವಿದ್ಯುತ್ತನ್ನು ತಂತಿಯೊಳಗೆ ತಳ್ಳುವ ಒತ್ತಡ. ತಂತಿಯೊಳಗೆ ಹರಿಯುವುದು ಆಂಪಿಯರ್. ಬಲ್ಬಿನಲ್ಲಿ ವೋಲ್ಟೇಜ್ ಇಳಿದರೆ ಆಂಪಿಯರ್ ಕೂಡ ಇಳಿಯುತ್ತದೆ. ನೀರೆತ್ತುತ್ತಿರುವ ಮೋಟಾರಿನಲ್ಲಿ ವೋಲ್ಟೇಜ್ ಇಳಿದರೆ ಆಂಪಿಯರ್ ಏರುತ್ತದೆ. ಕಾಯಿಲ್ ಸುಡುವುದು ಆಂಪಿಯರ್‌ನಿಂದ.

ಮೋಟಾರ್ ಯಾಕೆ ನಿಧಾನವಾಗುವುದಿಲ್ಲ?

ಬೋರ್‌ವೆಲ್‌ನಲ್ಲಿ ಇಳಿಬಿಡುವ ಸಬ್‌ಮರ್ಸಿಬಲ್ ಮೋಟಾರಾಗಲಿ, ನದಿ ದಡದಲ್ಲಿಟ್ಟ ಮಾನೋಬ್ಲಾಕ್ ಆಗಲಿ, ನಮ್ಮ ತೋಟ ಗದ್ದೆಗಳಲ್ಲಿ ಇರುವುದೆಲ್ಲ ಹೆಚ್ಚುಕಡಿಮೆ ತ್ರೀ ಫೇಸ್ ಇಂಡಕ್ಷನ್ ಮೋಟಾರುಗಳೇ. ಇದರ ಹೊರಗಿನ ಕಾಯಿಲ್‌ಗಳಿಗೆ ಮೂರು ಫೇಸ್ ಕೊಟ್ಟಾಗ ಒಳಗೆ ಒಂದು ಕಾಂತಕ್ಷೇತ್ರ ತಿರುಗುತ್ತದೆ. ಅದರ ವೇಗ ನಿರ್ಧಾರವಾಗುವುದು ವೋಲ್ಟೇಜಿನಿಂದಲ್ಲ, ಪೂರೈಕೆಯ 50 ಹರ್ಟ್ಸ್ ಆವರ್ತನದಿಂದ. ಸಾಮಾನ್ಯ ಪಂಪ್‌ಸೆಟ್‌ನಲ್ಲಿ ಅದು ನಿಮಿಷಕ್ಕೆ 3000 ಸುತ್ತು. ನಡುವಿನ ರೋಟರ್ ಆ ಕ್ಷೇತ್ರವನ್ನು ಹಿಂಬಾಲಿಸುತ್ತ, ಸ್ವಲ್ಪ ಹಿಂದೆ ಬಿದ್ದು, ಸುಮಾರು 2850 ಸುತ್ತು ತಿರುಗುತ್ತದೆ. ಹೀಗೆ ಹಿಂದೆ ಬೀಳುವುದರಿಂದಲೇ ರೋಟರ್‌ನಲ್ಲಿ ವಿದ್ಯುತ್ ಹುಟ್ಟಿ ಅದಕ್ಕೆ ತಿರುಗುವ ಬಲ ಸಿಗುತ್ತದೆ.

ಈಗ ವೋಲ್ಟೇಜ್ ಇಳಿಯಿತು ಎಂದುಕೊಳ್ಳಿ. ಕಾಂತಕ್ಷೇತ್ರ ದುರ್ಬಲವಾಗುತ್ತದೆ, ಆದರೆ ಅದು ತಿರುಗುವ ವೇಗ ಬದಲಾಗುವುದಿಲ್ಲ. ಪಂಪು ಎತ್ತಬೇಕಾದ ನೀರಿನ ಭಾರವೂ, ಎತ್ತರವೂ ಹಾಗೆಯೇ ಇವೆ. ರೋಟರ್ ಇನ್ನೂ ಸ್ವಲ್ಪ ಹಿಂದೆ ಬೀಳುತ್ತದೆ. ಹಿಂದೆ ಬಿದ್ದಷ್ಟೂ ಅದರಲ್ಲಿ ಹೆಚ್ಚು ಆಂಪಿಯರ್ ಹುಟ್ಟುತ್ತದೆ. ಅದಕ್ಕೆ ತಕ್ಕಂತೆ ಹೊರಗಿನ ಕಾಯಿಲ್ ಕೂಡ ಲೈನಿನಿಂದ ಹೆಚ್ಚು ಆಂಪಿಯರ್ ಎಳೆಯುತ್ತದೆ. ಹೀಗೆ ಮೋಟಾರ್ ಕಡಿಮೆ ವೋಲ್ಟೇಜನ್ನು ಹೆಚ್ಚು ಆಂಪಿಯರ್‌ನಿಂದ ತುಂಬಿಕೊಂಡು ಹೆಚ್ಚುಕಡಿಮೆ ಅದೇ ಕೆಲಸವನ್ನು ಮಾಡುತ್ತ ಹೋಗುತ್ತದೆ. 2850 ಸುತ್ತು 2750ಕ್ಕೆ ಇಳಿದರೂ ಪೈಪಿನಲ್ಲಿ ನೀರು ಬರುತ್ತಲೇ ಇರುತ್ತದೆ. ಅದಕ್ಕೇ ಮೇಲೆ ನಿಂತು ನೋಡುವವರಿಗೆ ಎಲ್ಲವೂ ಸರಿಯಾಗಿದೆ ಅನ್ನಿಸುತ್ತದೆ, ಕೆಳಗೆ ಕಾಯಿಲ್ ಕಾಯುತ್ತಿರುತ್ತದೆ.

ಕಾಯಿಲ್‌ನಲ್ಲಿ ಹುಟ್ಟುವ ಶಾಖ ಆಂಪಿಯರ್‌ನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆಂಪಿಯರ್ ಕಾಲುಪಾಲು ಹೆಚ್ಚಿದರೆ ಶಾಖ ಅರ್ಧಪಾಲಿಗಿಂತ ಹೆಚ್ಚೇ ಏರುತ್ತದೆ. ಆಂಪಿಯರ್ ಒಂದೂವರೆ ಪಟ್ಟಾದರೆ ಶಾಖ ಎರಡೂಕಾಲು ಪಟ್ಟಾಗುತ್ತದೆ.

ಲೈನಿನ ಕೊನೆಯಲ್ಲಿ ಏನಾಗುತ್ತದೆ?

ಮೈಸೂರು ಜಿಲ್ಲೆಗೆ ವಿದ್ಯುತ್ ಪೂರೈಸುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ಸಬ್‌ಸ್ಟೇಷನ್‌ನಿಂದ 11 ಕೆ.ವಿ. ಫೀಡರ್ ಹೊಲಗಳ ಕಡೆ ಬರುತ್ತದೆ. ಅಲ್ಲಿನ ಟಿಸಿ ಅದನ್ನು ಸುಮಾರು 433 ವೋಲ್ಟ್‌ಗೆ ಇಳಿಸುತ್ತದೆ. ಅಲ್ಲಿಂದ ಕಂಬದಿಂದ ಕಂಬಕ್ಕೆ ಎಲ್‌ಟಿ ಲೈನ್ ಹೊರಟು ಒಂದೊಂದೇ ಪಂಪ್‌ಸೆಟ್‌ಗೆ ಕೊಡುತ್ತ ಹೋಗುತ್ತದೆ. ಮೋಟಾರ್ ತಯಾರಾಗಿರುವುದು 415 ವೋಲ್ಟ್‌ಗೆ. ಟಿಸಿಯಲ್ಲಿ ಸ್ವಲ್ಪ ಹೆಚ್ಚಿಟ್ಟಿರುವುದೇ ದಾರಿಯಲ್ಲಿ ಕಳೆದುಹೋಗುವುದಕ್ಕೆ.

ಎಷ್ಟು ಕಳೆದುಹೋಗುತ್ತದೆ ಎಂಬುದನ್ನು ಒಂದು ಉದಾಹರಣೆ ಹಿಡಿದು ಲೆಕ್ಕ ಹಾಕೋಣ. ದೊಡ್ಡ ಕವಲಂದೆ ಕಡೆಯ ಬೋರ್‌ವೆಲ್ ತೋಟವಾಗಲಿ, ಸೋಸಲೆ ಕಡೆಯ ನದಿಯಂಚಿನ ಪಂಪಾಗಲಿ, ಲೆಕ್ಕ ಒಂದೇ. ಟಿಸಿಯಿಂದ ಒಂದು ಕಿಲೋಮೀಟರ್ ದೂರಕ್ಕೆ ‘ವೀಸಲ್’ ಎಂದು ಲೈನ್‌ಮನ್‌ಗಳು ಕರೆಯುವ ಅಲ್ಯೂಮಿನಿಯಂ ತಂತಿ ಎಳೆದಿದೆ ಎಂದುಕೊಳ್ಳಿ. ಇದರಲ್ಲಿ ಅಲ್ಯೂಮಿನಿಯಂನ ದಪ್ಪ ಸುಮಾರು 30 ಚದರ ಮಿಲಿಮೀಟರ್, ಒಂದು ಕಿಲೋಮೀಟರಿಗೆ ತಡೆ 0.9 ಓಮ್‌ಗಿಂತ ತುಸು ಹೆಚ್ಚು. ಲೈನಿನ ಕೊನೆಯಲ್ಲಿ 5 ಎಚ್‌ಪಿ ಮೋಟಾರುಗಳಿವೆ. ಪ್ರತಿಯೊಂದೂ 415 ವೋಲ್ಟ್‌ನಲ್ಲಿ ಸುಮಾರು 8 ಆಂಪಿಯರ್ ಎಳೆಯುತ್ತದೆ. ಫೀಡರಿನ ಇಳಿತ, ಟಿಸಿಯೊಳಗಿನ ಇಳಿತ ಎಲ್ಲ ಕಳೆದು ಟಿಸಿಯ ಹತ್ತಿರ 415 ವೋಲ್ಟ್ ಸಿಗುತ್ತಿದೆ ಎಂದು ಇಟ್ಟುಕೊಳ್ಳೋಣ.

ಈ ಲೈನಿನಲ್ಲಿ 8 ಆಂಪಿಯರ್ ಹರಿದರೆ ಕೊನೆಯಲ್ಲಿ ಫೇಸಿನಿಂದ ಫೇಸಿಗೆ ಸುಮಾರು 13 ವೋಲ್ಟ್ ಇಳಿಯುತ್ತದೆ. ಒಂದು ಪಂಪ್ ಓಡುವಾಗ ಇದು ಗೊತ್ತೇ ಆಗುವುದಿಲ್ಲ. ಐದು ಪಂಪ್ ಓಡಿದರೆ ಐದರಷ್ಟು, ಅಂದರೆ 66 ವೋಲ್ಟ್ ಇಳಿದು 349 ಉಳಿಯಬೇಕು. ಆದರೆ ಲೆಕ್ಕ ಇಲ್ಲಿಗೆ ನಿಲ್ಲುವುದಿಲ್ಲ. ವೋಲ್ಟೇಜ್ ಇಳಿದಿದ್ದರಿಂದ ಪ್ರತಿ ಮೋಟಾರ್ 8ರ ಬದಲು ಒಂಬತ್ತೂವರೆ ಆಂಪಿಯರ್ ಎಳೆಯುತ್ತದೆ. ಆಂಪಿಯರ್ ಹೆಚ್ಚಿದ್ದರಿಂದ ಲೈನಿನಲ್ಲಿ ಇನ್ನಷ್ಟು ವೋಲ್ಟೇಜ್ ಕಳೆದುಹೋಗುತ್ತದೆ. ಅದರಿಂದ ಮೋಟಾರ್ ಮತ್ತಷ್ಟು ಎಳೆಯುತ್ತದೆ. ಹೀಗೆ ಸುತ್ತಿ ಸುತ್ತಿ ಕೊನೆಗೆ ಸುಮಾರು 333 ವೋಲ್ಟ್‌ನಲ್ಲಿ, ಒಂದೊಂದು ಮೋಟಾರಿಗೆ 10 ಆಂಪಿಯರ್‌ನಲ್ಲಿ ನಿಲ್ಲುತ್ತದೆ. ಕಾಯಿಲ್‌ನ ಶಾಖ ಆಗಲೇ ಒಂದೂವರೆ ಪಟ್ಟು ದಾಟಿರುತ್ತದೆ.

ಆರನೇ ಪಂಪ್ ಸೇರಿದರೆ 308 ವೋಲ್ಟ್. ಏಳನೆಯದು ಸೇರಿದರೆ 276 ವೋಲ್ಟ್, ಪ್ರತಿ ಮೋಟಾರಿಗೆ 12 ಆಂಪಿಯರ್, ಶಾಖ ಎರಡೂಕಾಲು ಪಟ್ಟು. ಎಂಟನೆಯದನ್ನು ಸೇರಿಸಿದರೆ ಈ ಲೆಕ್ಕಕ್ಕೆ ಉತ್ತರವೇ ಇಲ್ಲ! ಅಂದರೆ ಅಷ್ಟು ಕೆಲಸಕ್ಕೆ ಬೇಕಾದ ವಿದ್ಯುತ್ತನ್ನು ಆ ತಂತಿ ಅಷ್ಟು ದೂರ ಸಾಗಿಸಲಾರದು. ಮೋಟಾರುಗಳು ಒಂದೊಂದಾಗಿ ನಿಲ್ಲತೊಡಗುತ್ತವೆ. ನಿಜವಾದ ಲೈನಿನಲ್ಲಿ ಪಂಪುಗಳು ಅಲ್ಲಲ್ಲಿ ಹಂಚಿಹೋಗಿರುತ್ತವೆ. ವೋಲ್ಟೇಜ್ ಇಳಿದಾಗ ವೇಗ ಸ್ವಲ್ಪ ತಗ್ಗಿ ಹೊರೆಯೂ ತುಸು ಇಳಿಯುತ್ತದೆ. ಆದ್ದರಿಂದ ಅಂಕಿಗಳು ನಿಮ್ಮ ಹೊಲದಲ್ಲಿ ಬೇರೆಯಾಗಿರುತ್ತವೆ. ಆದರೆ ನಡೆಯುವ ರೀತಿ ಇದೇ: ಮೊದಮೊದಲ ಪಂಪುಗಳು ಹದಿಮೂರು ಹದಿನಾಲ್ಕು ವೋಲ್ಟ್ ಇಳಿಸಿದರೆ, ಕೊನೆಗೆ ಸೇರುವ ಒಂದು ಪಂಪ್ ಮೂವತ್ತು ವೋಲ್ಟ್ ಇಳಿಸುತ್ತದೆ. ‘ಹೋದ ವರ್ಷದವರೆಗೂ ಚೆನ್ನಾಗಿತ್ತು, ಈ ವರ್ಷ ಒಂದೇ ಒಂದು ಬೋರ್ ಸೇರಿದ್ದಕ್ಕೆ ಎಲ್ಲರ ಮೋಟಾರೂ ಸುಡುತ್ತಿದೆ’ ಎಂಬ ದೂರಿನಲ್ಲಿ ಅರ್ಥವಿದೆ.

ಈ ಇಳಿತದ ಏಟು ಹೆಚ್ಚು ಬೀಳುವುದು ಕೊನೆಯವರಿಗೆ. ಟಿಸಿಯ ಪಕ್ಕದ ಪಂಪಿಗೆ ಅದೇ ಹೊತ್ತಿನಲ್ಲಿ 410 ವೋಲ್ಟ್ ಸಿಗುತ್ತಿರಬಹುದು. ಒಂದೇ ಟಿಸಿಯ ಇಬ್ಬರು ರೈತರಲ್ಲಿ ಒಬ್ಬರ ಮೋಟಾರ್ ಹತ್ತು ವರ್ಷ ಬಾಳುವುದು, ಇನ್ನೊಬ್ಬರದು ಪ್ರತಿ ಬೇಸಿಗೆಯೂ ಅಂಗಡಿಗೆ ಹೋಗುವುದು ಇದರಿಂದಲೇ.

ಎಲ್ಲರೂ ಒಂದೇ ಹೊತ್ತಿಗೆ

ಊರಿನ ಮನೆಗಳಲ್ಲಿ ಎಲ್ಲರೂ ಒಂದೇ ಕ್ಷಣದಲ್ಲಿ ಮಿಕ್ಸಿ ಹಾಕುವುದಿಲ್ಲ. ಆದ್ದರಿಂದ ಚಿಕ್ಕ ಟಿಸಿಯೂ ನಡೆಯುತ್ತದೆ. ಪಂಪ್‌ಸೆಟ್‌ಗಳ ಕಥೆ ಬೇರೆ. ಕರ್ನಾಟಕದಲ್ಲಿ ಕೃಷಿ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕೊಡುವುದು ದಿನಕ್ಕೆ ಏಳು ಗಂಟೆಯ ಲೆಕ್ಕದಲ್ಲಿ, ಪಾಳಿ ಹಾಕಿ. ತ್ರೀ ಫೇಸ್ ಬಂದ ಕೂಡಲೇ ಆ ಫೀಡರಿನ ಪಂಪುಗಳೆಲ್ಲ ಓಡಲೇಬೇಕು, ಇಲ್ಲದಿದ್ದರೆ ಬತ್ತಕ್ಕೂ ಬಾಳೆಗೂ ಕಬ್ಬಿಗೂ ಅವತ್ತಿನ ನೀರು ತಪ್ಪುತ್ತದೆ. ಲೈನ್ ಅತಿ ಹೆಚ್ಚು ಹೊರೆ ಹೊರುವುದು ಆ ಗಂಟೆಗಳಲ್ಲೇ.

ಅದರಲ್ಲೂ ಮೊದಲ ನಿಮಿಷ ಅಪಾಯದ್ದು. ನಿಂತಿರುವ ಮೋಟಾರ್ ಹೊರಡುವಾಗ ಮಾಮೂಲಿ ಆಂಪಿಯರ್‌ನ ಸುಮಾರು ಆರು ಪಟ್ಟು ಎಳೆಯುತ್ತದೆ. ರಾತ್ರಿ ಹೊಲಕ್ಕೆ ಹೋಗುವುದನ್ನು ತಪ್ಪಿಸಲು ಬಹಳ ಜನ ಸ್ಟಾರ್ಟರಿಗೆ ಆಟೋ ಸ್ವಿಚ್ ಹಾಕಿಸಿರುತ್ತಾರೆ. ಕರೆಂಟ್ ಬಂದ ಕೂಡಲೇ ಐದೂ ಮೋಟಾರ್ ಒಟ್ಟಿಗೆ ಹೊರಡಲು ಯತ್ನಿಸಿದರೆ, ನಮ್ಮ ಉದಾಹರಣೆಯ ಲೈನಿನ ಕೊನೆಯಲ್ಲಿ ವೋಲ್ಟೇಜ್ ಅರ್ಧದ ಹತ್ತಿರಕ್ಕೆ ಕುಸಿಯುತ್ತದೆ. ಮೋಟಾರಿನ ತಿರುಗುವ ಬಲ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ ಅರ್ಧ ವೋಲ್ಟೇಜಿನಲ್ಲಿ ಸಿಗುವುದು ಕಾಲುಪಾಲು ಬಲ ಮಾತ್ರ. ರೋಟರ್ ತಿರುಗಲಾರದೆ ‘ಗುಂಯ್’ ಎನ್ನುತ್ತ ನಿಂತುಬಿಡಬಹುದು. ಆಗಲೂ ಕಾಯಿಲ್‌ನಲ್ಲಿ ಮಾಮೂಲಿಯ ಮೂರು ಪಟ್ಟು ಆಂಪಿಯರ್, ಅಂದರೆ ಒಂಬತ್ತು ಹತ್ತು ಪಟ್ಟು ಶಾಖ. ಸಬ್‌ಮರ್ಸಿಬಲ್ ಮೋಟಾರ್ ತಂಪಾಗುವುದು ತನ್ನ ಮೈಯನ್ನು ಸವರಿ ಮೇಲಕ್ಕೆ ಹರಿಯುವ ನೀರಿನಿಂದ. ಪಂಪ್ ನಿಂತಿದ್ದರೆ ಆ ಹರಿವೂ ಇಲ್ಲ. ಇಂಥ ಸ್ಥಿತಿಯಲ್ಲಿ ವೈಂಡಿಂಗ್ ಹೋಗಲು ಗಂಟೆಗಳು ಬೇಕಿಲ್ಲ, ಕೆಲವು ನಿಮಿಷ ಸಾಕು.

ಇದಕ್ಕೆ ಪರಿಹಾರ ಸರಳ. ಆಟೋ ಸ್ವಿಚ್‌ನಲ್ಲಿ ತಡವಾಗಿ ಹೊರಡುವ ಟೈಮರ್ ಇರುತ್ತದೆ. ಒಂದೇ ಟಿಸಿಯವರು ಮಾತಾಡಿಕೊಂಡು ಒಬ್ಬರು ಒಂದು ನಿಮಿಷ, ಮತ್ತೊಬ್ಬರು ಎರಡು, ಮುಂದಿನವರು ಮೂರು ನಿಮಿಷ ಎಂದು ಇಟ್ಟುಕೊಂಡರೆ ಹೊರಡುವ ಹೊಡೆತ ಒಂದರ ಮೇಲೊಂದು ಬೀಳುವುದಿಲ್ಲ. ಕೊನೆಯ ಕಂಬದವರು ಮೊದಲು ಹೊರಡುವುದು ಒಳ್ಳೆಯದು, ಏಕೆಂದರೆ ಆಗ ಲೈನ್ ಖಾಲಿ ಇರುತ್ತದೆ.

ಸುಡುವುದು ತಾಮ್ರವಲ್ಲ

ಕಾಯಿಲ್ ಸುಟ್ಟಿತು ಎಂದರೂ ಕರಗಿದ್ದು ತಾಮ್ರವಲ್ಲ, ಅದರ ಮೇಲಿನ ಹೊದಿಕೆ. ಮಾನೋಬ್ಲಾಕ್‌ನಲ್ಲಿ ಅದು ವಾರ್ನಿಷ್‌ನಂಥ ತೆಳು ಎನಾಮೆಲ್ ಲೇಪ. ನೀರು ತುಂಬಿದ ಸಬ್‌ಮರ್ಸಿಬಲ್‌ನಲ್ಲಿ ಪಿವಿಸಿ ಅಥವಾ ಅಂಥದೇ ಪ್ಲಾಸ್ಟಿಕ್ಕಿನ ಹೊದಿಕೆ. ಎನಾಮೆಲ್ ನೂರು ಡಿಗ್ರಿ ದಾಟಿದರೂ ತಾಳುತ್ತದೆ, ಪಿವಿಸಿ ಎಪ್ಪತ್ತರ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ. ಹೊದಿಕೆ ಒಡೆದು ಎರಡು ಸುತ್ತಿನ ತಂತಿ ತಾಗಿದರೆ ಅಲ್ಲೇ ಶಾರ್ಟ್ ಆಗಿ ಉಳಿದದ್ದು ಕ್ಷಣದಲ್ಲಿ ಮುಗಿಯುತ್ತದೆ.

ಇದಕ್ಕೆ ಮೊದಲು ನಿಧಾನದ ಹಾನಿ ನಡೆದಿರುತ್ತದೆ. ಎಂಜಿನಿಯರುಗಳು ಬಳಸುವ ಒಂದು ಅಂದಾಜಿನ ಪ್ರಕಾರ, ಹೊದಿಕೆ ತನ್ನ ಮಿತಿಗಿಂತ ಪ್ರತಿ 10 ಡಿಗ್ರಿ ಹೆಚ್ಚು ಕಾದಾಗ ಅದರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಮೋಟಾರ್ ಸುಟ್ಟ ದಿನ ವೋಲ್ಟೇಜ್ ಚೆನ್ನಾಗಿಯೇ ಇದ್ದಿರಬಹುದು. ಅದನ್ನು ತಿಂದುಹಾಕಿದ್ದು ಹಿಂದಿನ ಮೂರು ತಿಂಗಳ ಡಿಮ್ ಕರೆಂಟ್.

ಕಾರಣ ಗುರುತಿಸುವುದು ಹೇಗೆ?

ಮೋಟಾರ್ ಬಿಚ್ಚಿದಾಗ ಕಾಯಿಲ್‌ಗಳನ್ನು ನೀವೇ ನೋಡಿ. ಮೂರೂ ಫೇಸಿನ ಕಾಯಿಲ್‌ಗಳು ಸುತ್ತಲೂ ಒಂದೇ ಸಮನೆ ಕಪ್ಪಾಗಿದ್ದರೆ ಅಥವಾ ಹೊದಿಕೆ ಎಲ್ಲ ಕಡೆ ಮೆತ್ತಗಾಗಿದ್ದರೆ, ಮೂರರಲ್ಲೂ ಹೆಚ್ಚು ಆಂಪಿಯರ್ ಹರಿದಿದೆ ಎಂದರ್ಥ. ಅದು ಕಡಿಮೆ ವೋಲ್ಟೇಜ್, ಇಲ್ಲವೇ ಪಂಪು ಮರಳು ಕಚ್ಚಿ ಬಿಗಿದದ್ದು. ಒಂದೋ ಎರಡೋ ಫೇಸಿನವು ಮಾತ್ರ ಕಪ್ಪಾಗಿ ಉಳಿದವು ಹೊಸದರಂತಿದ್ದರೆ, ಅದು ಒಂದು ಫೇಸ್ ಹೋದಾಗಲೂ ಓಡಿದ ಮೋಟಾರ್. ಅದಕ್ಕೆ ಮದ್ದು ಬೇರೆ.

ವೋಲ್ಟೇಜ್ ಅಳೆಯುವಾಗ ಆಗುವ ತಪ್ಪು ಒಂದಿದೆ. ಪಂಪ್ ನಿಲ್ಲಿಸಿ ಸ್ಟಾರ್ಟರ್ ಡಬ್ಬದಲ್ಲಿ ನೋಡಿದರೆ ಮೀಟರ್ 400ಕ್ಕಿಂತ ಹೆಚ್ಚೇ ತೋರಿಸಬಹುದು. ಲೈನಿನಲ್ಲಿ ಆಂಪಿಯರ್ ಹರಿಯದಿದ್ದಾಗ ಇಳಿತವೂ ಇರುವುದಿಲ್ಲ. ನಿಮ್ಮದೂ ಅಕ್ಕಪಕ್ಕದವರದೂ ಪಂಪ್ ಓಡುತ್ತಿರುವಾಗ ಎಲೆಕ್ಟ್ರಿಷಿಯನ್ ಕೈಯಲ್ಲಿ ಮೂರು ಫೇಸ್‌ಗಳ ನಡುವಿನ ವೋಲ್ಟೇಜನ್ನೂ ಮೂರು ತಂತಿಗಳ ಆಂಪಿಯರನ್ನೂ ಅಳೆಸಬೇಕು. ಸಬ್‌ಮರ್ಸಿಬಲ್ ಮೋಟಾರುಗಳ ಭಾರತೀಯ ಮಾನದಂಡದಂತೆ 415ಕ್ಕಿಂತ ಶೇಕಡ 15ರಷ್ಟು ಕಡಿಮೆಯವರೆಗೆ, ಅಂದರೆ ಸುಮಾರು 350 ವೋಲ್ಟ್‌ವರೆಗೆ ಮೋಟಾರ್ ತಾಳಬೇಕು. ಅದಕ್ಕಿಂತ ಕೆಳಗೆ ಓಡಿಸುವುದು ಮೋಟಾರಿನ ಆಯಸ್ಸನ್ನು ನೀರಿಗೆ ಕೊಟ್ಟಂತೆ. ಆಂಪಿಯರ್ ಎಷ್ಟಿರಬೇಕು ಎಂಬುದು ಮೋಟಾರಿನ ನಾಮಫಲಕದಲ್ಲೇ ಇರುತ್ತದೆ.

ಮದ್ದೆಂದು ಮಾಡುವ ತಪ್ಪುಗಳು

ಸ್ಟಾರ್ಟರಿನೊಳಗೆ ಓವರ್‌ಲೋಡ್ ರಿಲೇ ಇರುತ್ತದೆ. ಆಂಪಿಯರ್ ಮಿತಿ ಮೀರಿದರೆ ಸ್ವಲ್ಪ ಹೊತ್ತು ನೋಡಿ ಮೋಟಾರ್ ನಿಲ್ಲಿಸುವುದು ಅದರ ಕೆಲಸ. ಡಿಮ್ ಕರೆಂಟಿನಲ್ಲಿ ಅದು ಪದೇ ಪದೇ ಟ್ರಿಪ್ ಆಗುತ್ತದೆ. ‘ರಿಲೇ ಕೆಟ್ಟಿದೆ’ ಎಂದು ಅದರ ತಿರುಪನ್ನು 8ರಿಂದ 12ಕ್ಕೆ ತಿರುಗಿಸುವುದು, ಇಲ್ಲವೇ ತಂತಿ ಹಾಕಿ ದಾಟಿಸುವುದು ಸಾಮಾನ್ಯ. ಆದರೆ ರಿಲೇ ಕೆಟ್ಟಿರಲಿಲ್ಲ, ನಿಜವನ್ನೇ ಹೇಳುತ್ತಿತ್ತು. ಅದರ ಬಾಯಿ ಮುಚ್ಚಿಸಿದ ಮೇಲೆ ಎಚ್ಚರಿಸಲು ಉಳಿಯುವುದು ಸುಟ್ಟ ವಾಸನೆಯೊಂದೇ. ಸಬ್‌ಮರ್ಸಿಬಲ್‌ನಲ್ಲಿ ಅದೂ ಮೇಲೆ ಬರುವುದಿಲ್ಲ.

ಎರಡನೆಯದು, 5 ಎಚ್‌ಪಿ ಎಳೆಯುತ್ತಿಲ್ಲ ಎಂದು ಏಳೂವರೆ ಎಚ್‌ಪಿ ಮೋಟಾರ್ ಇಳಿಸುವುದು. ಅದಕ್ಕೆ ಹೊಂದಿದ ದೊಡ್ಡ ಪಂಪೂ ಸೇರಿದರೆ ಲೈನಿಗೆ ಹೊರೆ ಹೆಚ್ಚಿ ಎಲ್ಲರ ವೋಲ್ಟೇಜ್ ಇನ್ನೂ ಇಳಿಯುತ್ತದೆ. ಸ್ಟೆಬಿಲೈಸರ್ ಹಾಕಿದರೂ ಇದೇ ಗತಿ. ಅದು ನಿಮ್ಮ ಮೋಟಾರಿಗೆ 415 ಕೊಡುತ್ತದೆ ನಿಜ, ಆದರೆ ಅದಕ್ಕೆ ಬೇಕಾದ ಹೆಚ್ಚಿನ ಆಂಪಿಯರನ್ನು ಅದೇ ಲೈನಿನಿಂದ ಎಳೆಯುತ್ತದೆ. ನಿಮ್ಮ ಮೋಟಾರ್ ಉಳಿದು ಪಕ್ಕದವರದು ಸುಡುತ್ತದೆ.

ಮೂರನೆಯದು, ಕಡಿಮೆ ವೋಲ್ಟೇಜಿಗೆಂದೇ ಸುತ್ತು ಕಡಿಮೆ ಮಾಡಿ ವೈಂಡಿಂಗ್ ಕಟ್ಟಿಸುವುದು. 300 ವೋಲ್ಟ್ ಇರುವಾಗ ಇದು ಚೆನ್ನಾಗಿ ಓಡುತ್ತದೆ. ಆದರೆ ಮಳೆ ಬಂದು ಅಕ್ಕಪಕ್ಕದವರೆಲ್ಲ ಪಂಪ್ ನಿಲ್ಲಿಸಿದ ರಾತ್ರಿ ಲೈನಿನಲ್ಲಿ 420 ವೋಲ್ಟ್ ಬಂದರೆ, ಮೋಟಾರಿನ ಕಬ್ಬಿಣ ಹಿಡಿಯಲಾರದಷ್ಟು ಕಾಂತಕ್ಷೇತ್ರ ಹುಟ್ಟಿ ಆಂಪಿಯರ್ ಮತ್ತೆ ನೆಗೆಯುತ್ತದೆ. ಡಿಮ್‌ನಲ್ಲಿ ಉಳಿದದ್ದು ಪೂರ್ತಿ ವೋಲ್ಟೇಜಿನಲ್ಲಿ ಸುಡುತ್ತದೆ.

ನಿಜವಾಗಿ ಕೆಲಸ ಮಾಡುವುದು

ರೈತರ ಕೈಯಲ್ಲೇ ಇರುವ ಒಂದು ಉಪಾಯ ಕೆಪಾಸಿಟರ್. ಮೋಟಾರ್ ಎಳೆಯುವ 8 ಆಂಪಿಯರ್‌ನಲ್ಲಿ ಒಂದು ಪಾಲು ನೀರೆತ್ತುವುದಕ್ಕಲ್ಲ, ಕಾಂತಕ್ಷೇತ್ರ ಹುಟ್ಟಿಸುವುದಕ್ಕೆ. ಸ್ಟಾರ್ಟರಿನ ಹತ್ತಿರ 2 ಕೆವಿಎಆರ್ ಅಳತೆಯ ಕೆಪಾಸಿಟರ್ ಹಾಕಿದರೆ ಆ ಪಾಲಿನ ಹೆಚ್ಚಿನಂಶ ಅಲ್ಲೇ ಸಿಗುತ್ತದೆ, ಟಿಸಿಯಿಂದ ಬರಬೇಕಿಲ್ಲ. ನಮ್ಮ ಉದಾಹರಣೆಯಲ್ಲಿ ಐದೂ ಪಂಪಿಗೆ ಕೆಪಾಸಿಟರ್ ಇದ್ದರೆ ಕೊನೆಯ ವೋಲ್ಟೇಜ್ ಹತ್ತು ವೋಲ್ಟ್‌ನಷ್ಟು ಮೇಲೇರುತ್ತದೆ. ಒಬ್ಬರೇ ಹಾಕಿಸಿದರೆ ಎರಡೋ ಮೂರೋ ವೋಲ್ಟ್. ಎಲ್ಲರೂ ಹಾಕಿದರೆ ಮಾತ್ರ ಇದರ ಫಲ.

ಉಳಿದದ್ದು ಲೈನಿನ ಕೆಲಸ, ಸೆಸ್ಕ್ ಮಾಡಬೇಕಾದದ್ದು. ವೀಸಲ್ ಬದಲು ದಪ್ಪನೆಯ ‘ರ‍್ಯಾಬಿಟ್’ ತಂತಿ ಎಳೆದರೆ ಐದು ಪಂಪ್ ಓಡುವಾಗಲೂ ಕೊನೆಯಲ್ಲಿ 333ರ ಬದಲು ಸುಮಾರು 365 ವೋಲ್ಟ್ ಉಳಿಯುತ್ತದೆ. ಟಿಸಿಯನ್ನು ಅರ್ಧ ದಾರಿಗೆ ತಂದು ಎಲ್‌ಟಿ ಲೈನನ್ನು ಅರ್ಧ ಕಿಲೋಮೀಟರಿಗೆ ಇಳಿಸಿದರೆ 380ರ ಹತ್ತಿರ. ಎಲ್ಲಕ್ಕಿಂತ ಉತ್ತಮವಾದದ್ದು 11 ಕೆ.ವಿ. ಲೈನನ್ನೇ ಪಂಪುಗಳ ಹತ್ತಿರ ಒಯ್ದು ಚಿಕ್ಕ ಚಿಕ್ಕ ಟಿಸಿ ಇಡುವುದು. ಅಷ್ಟೇ ವಿದ್ಯುತ್ತನ್ನು 11 ಸಾವಿರ ವೋಲ್ಟ್‌ನಲ್ಲಿ ಸಾಗಿಸಲು ಸುಮಾರು ಇಪ್ಪತ್ತೈದನೇ ಒಂದು ಪಾಲು ಆಂಪಿಯರ್ ಸಾಕು, ದಾರಿಯಲ್ಲಿ ಕಳೆದುಹೋಗುವುದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಖರ್ಚು ಹೆಚ್ಚು, ಅದಕ್ಕೇ ಎಲ್ಲ ಕಡೆ ಆಗಿಲ್ಲ. ಬರೀ ದೊಡ್ಡ ಟಿಸಿ ಕೇಳಿ ಪ್ರಯೋಜನವಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಟಿಸಿಯೇ ಹೊರೆ ತಾಳದೆ ಇದ್ದರೆ ಅದರಿಂದ ಉಪಕಾರವಾಗುತ್ತದೆ. ಇಳಿತ ತಂತಿಯಲ್ಲಿದ್ದರೆ 63 ಕೆವಿಎ ಬದಲು 100 ಕೆವಿಎ ಇಟ್ಟರೂ ಕೊನೆಯ ಕಂಬದಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ.

ಯಾವುದು ಬೇಕೆಂದು ತಿಳಿಯಲು ಒಂದೇ ಹೊತ್ತಿನ ಎರಡು ಅಳತೆ ಸಾಕು: ಎಲ್ಲ ಪಂಪ್ ಓಡುತ್ತಿರುವಾಗ ಟಿಸಿಯ ಬುಡದಲ್ಲಿರುವ ಪಂಪಿನ ಸ್ಟಾರ್ಟರಿನಲ್ಲಿ ಒಂದು, ಕೊನೆಯ ಸ್ಟಾರ್ಟರಿನಲ್ಲಿ ಒಂದು. ಮೊದಲನೆಯದೇ ಕಡಿಮೆಯಿದ್ದರೆ ತೊಂದರೆ ಟಿಸಿಯಲ್ಲಿ ಅಥವಾ 11 ಕೆ.ವಿ. ಫೀಡರಿನಲ್ಲಿ. ಮೊದಲನೆಯದು ಚೆನ್ನಾಗಿದ್ದು ಎರಡನೆಯದು ಕಡಿಮೆಯಿದ್ದರೆ ತೊಂದರೆ ನಡುವಿನ ತಂತಿಯಲ್ಲಿ. 1912ಕ್ಕೆ ಕರೆ ಮಾಡಿದಾಗಲೋ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡುವಾಗಲೋ ‘ಕರೆಂಟ್ ಡಿಮ್ ಇದೆ’ ಎಂದಷ್ಟೇ ಹೇಳುವ ಬದಲು ತಾರೀಖು, ಗಂಟೆ, ಓಡುತ್ತಿದ್ದ ಪಂಪುಗಳ ಸಂಖ್ಯೆ ಮತ್ತು ಈ ಎರಡು ಅಂಕಿ ಬರೆದುಕೊಟ್ಟರೆ, ಎಂಜಿನಿಯರಿಗೆ ಎಲ್ಲಿ ಕೈಹಾಕಬೇಕು ಎಂಬುದು ಅರ್ಜಿಯಲ್ಲೇ ಕಾಣುತ್ತದೆ.